ಯೋಗನಿದ್ರೆಯಲ್ಲಿ ನಿದ್ದೆ ಬಂದುಬಿಡುವುದು, ಮೈ ಜರ್ಕ್ ಹೊಡೆಯುವುದು

“ಉಡುಪಿಯಲ್ಲಿದ್ದೇನೆ. ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲೇ ಆಡಿಯೋ ಹಾಕಿ, ಅದರ ಧ್ವನಿ ಹೆಸರಿಸುವ ಮೈಯ ಒಂದೊಂದು ಭಾಗಕ್ಕೂ ಗಮನ ಒಯ್ಯುತ್ತಾ ಯೋಗನಿದ್ರೆ ಮಾಡುತ್ತೇನೆ. ಬಲಗಾಲು ಮುಗಿಯುವಷ್ಟರಲ್ಲಿ ನಿದ್ದೆ. ಒಮ್ಮೊಮ್ಮೆ ಮೈ ಜರ್ಕ್ ಹೊಡೆಯುತ್ತದೆ, ಕೈಗಳೇ ಇಲ್ಲ ಅನಿಸುತ್ತದೆ. ತೊಂದರೆಯಾ?”

ನಿದ್ದೆಗೆ ಕಾರಣ ಬಹುಶಃ ಹೊತ್ತು ಮತ್ತು ಹಾಸಿಗೆ. ಹೊಟ್ಟೆತುಂಬ ಕುಚ್ಚಲಕ್ಕಿ ಊಟ ಮಾಡಿ ದಿನಾ ಮಲಗುವ ಜಾಗದಲ್ಲೇ ಅಂಗಾತ ಬಿದ್ದರೆ ಯಾರಿಗಾದರೂ ನಿದ್ದೆ ಬರುತ್ತದೆ. ಜರ್ಕ್ ನಿದ್ದೆಗೆ ಜಾರುವಾಗ ಸ್ನಾಯುಗಳು ತಟಕ್ಕನೆ ಬಿಗಿಯುವುದು, ಹೆಚ್ಚಿನವರಿಗೆ ಆಗುವಂಥದ್ದೇ. ಕೈ ಮಾಯವಾದಂತೆ ಅನಿಸುವುದೂ ಹೊಸತಲ್ಲ. ಬಹಳ ಹೊತ್ತು ಅಲುಗಿಸದಿದ್ದರೆ ಅದು ಎಲ್ಲಿದೆ ಎಂಬ ಅರಿವು ಮಸುಕಾಗುತ್ತದೆ. ತೇಲಿದಂತೆ, ಮೈ ಭಾರವಾದಂತೆ, ಕಣ್ಣೆದುರು ಚಿತ್ರಗಳು ಹಾದುಹೋದಂತೆ ಅನುಭವವಾಯಿತು ಎನ್ನುವವರೂ ಇದ್ದಾರೆ.

ಮೊದಲು ಹೊತ್ತು ಬದಲಿಸಿ, ಸಂಜೆ ಊಟಕ್ಕೆ ಮುಂಚೆ ಮಾಡಿ. ನೆಲದ ಮೇಲೆ ಚಾಪೆ ಹಾಸಿ, ತಲೆಗೆ ತೆಳು ದಿಂಬು ಸಾಕು. ನಮ್ಮ ಸೆಕೆಗೆ ಫ್ಯಾನ್ ಬೇಕೇ ಬೇಕು, ಆದರೆ ನಿಧಾನಕ್ಕಿಡಿ, ಒಂದು ಹತ್ತಿ ಬೈರಾಸು ಹೊದ್ದುಕೊಳ್ಳಿ. ಅಲುಗದೆ ಮಲಗಿದರೆ ಮೈ ತಣ್ಣಗಾಗುತ್ತದೆ.

ಆಮೇಲೆ ಬಲ ಮೊಣಕೈಯನ್ನು ನೆಲಕ್ಕೂರಿ ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ. ತೂಕಡಿಕೆ ಬಂದ ಕೂಡಲೇ ಕೈ ವಾಲುತ್ತದೆ, ಎಚ್ಚರವಾಗುತ್ತದೆ. ಎದ್ದಮೇಲೆ ಆಡಿಯೋವನ್ನು ಹಿಂದಕ್ಕೆ ಓಡಿಸಬೇಡಿ. ಧ್ವನಿ ಎಡ ಮೊಣಕಾಲಿನಲ್ಲಿದ್ದರೆ ನೀವೂ ಅಲ್ಲಿಂದಲೇ ಹಿಡಿಯಿರಿ. ಪ್ರತಿ ಭಾಗದಲ್ಲಿ ನಿಂತು ಏನಾದರೂ ಅನಿಸಲೇಬೇಕೆಂದು ಕಾಯುವ ಅಗತ್ಯವೂ ಇಲ್ಲ, ಹೆಸರು ಕೇಳಿದಲ್ಲಿಗೆ ಗಮನ ಹೋದರೆ ಮುಗಿಯಿತು.

ಹೆದರಿಕೆಯಾದರೆ ಬೆರಳು ಅಲುಗಿಸಿ, ಕಣ್ಣು ಬಿಡಿ, ಅಲ್ಲಿಗೇ ನಿಲ್ಲಿಸಿ. ರಾತ್ರಿ ಜೋರು ಗೊರಕೆ, ಹಗಲಿಡೀ ತೂಕಡಿಕೆ ಇದ್ದರೆ ಡಾಕ್ಟರಿಗೆ ತೋರಿಸಿ.