ಸ್ಕ್ಯಾನ್ ರಿಪೋರ್ಟ್‌ನಲ್ಲಿ ‘ಸಿಸ್ಟ್’ ಅಂದರೆ ಗಡ್ಡೆಯೇ?

ಪ್ರಶ್ನೆ: ವಯಸ್ಸು 29. ಮುಟ್ಟಾದ 13ನೇ ದಿನ ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದೆ. ‘ಎಂಡೊಮೆಟ್ರಿಯಲ್ ಥಿಕ್‌ನೆಸ್ 9 ಮಿ.ಮೀ., ಬಲ ಓವರಿಯಲ್ಲಿ ಡಾಮಿನೆಂಟ್ ಫಾಲಿಕಲ್ 19 ಮಿ.ಮೀ., ಎಡಕ್ಕೆ ಸಿಂಪಲ್ ಸಿಸ್ಟ್ 34 ಮಿ.ಮೀ.’ ಅಂತಿದೆ. ಗಡ್ಡೆನಾ?

ಉತ್ತರ: ನೀವು ಹೆದರುವ ಗಡ್ಡೆ ಅಲ್ಲ. ಮೊದಲೆರಡು ಸಾಲು 13ನೇ ದಿನಕ್ಕೆ ಸರಿಯಾಗೇ ಇವೆ. ಸಿಂಪಲ್ ಸಿಸ್ಟ್ ಅಂದರೆ ತೆಳು ಗೋಡೆಯ, ಬರೀ ನೀರು ತುಂಬಿದ ಚೀಲ.

ಫಾಲಿಕಲ್ ಅಂದರೆ ಅಂಡಾಣು ಬೆಳೆಯುವ ನೀರಿನ ಗುಳ್ಳೆ. ಪ್ರತಿ ತಿಂಗಳು ಸಾಮಾನ್ಯವಾಗಿ ಒಂದು ಮುಂದೆ ಓಡುತ್ತದೆ. ಅದೇ ಡಾಮಿನೆಂಟ್. ದಿನಕ್ಕೆ ಸುಮಾರು 2 ಮಿ.ಮೀ. ಬೆಳೆದು, 20ರ ಆಸುಪಾಸಿನಲ್ಲಿ ಒಡೆದು ಅಂಡಾಣು ಹೊರಬರುತ್ತದೆ. ಅದು ಬಿಡುವ ಈಸ್ಟ್ರೊಜೆನ್ ಹಾರ್ಮೋನಿನಿಂದಲೇ ಗರ್ಭಕೋಶದ ಒಳಪದರ, ಅಂದರೆ ಎಂಡೊಮೆಟ್ರಿಯಂ, ದಪ್ಪವಾಗುತ್ತದೆ. ಮುಟ್ಟು ಮುಗಿದಾಗ ತೆಳ್ಳಗಿರುತ್ತದೆ. ಹಾಗಾಗಿ ದಿನ ನೋಡದೆ ಸುಮ್ನೆ ಅಂಕಿ ಓದಬೇಡಿ.

ಕೆಲವು ಸಲ ಫಾಲಿಕಲ್ ಒಡೆಯದೆ ಹಿಗ್ಗುತ್ತಲೇ ಹೋಗುತ್ತದೆ. ನಿಮ್ಮ ಎಡಗಡೆಯದು ಹೋದ ತಿಂಗಳ ಅಂಥ ಗುಳ್ಳೆಯೇ ಇರಬಹುದು. ಇಂಥವು ಹೆಚ್ಚಾಗಿ ತಾನಾಗೇ ಕರಗುತ್ತವೆ. ಡಾಕ್ಟರ್ ಮತ್ತೆ ಸ್ಕ್ಯಾನ್ ಹೇಳಿದರೆ, ಮುಟ್ಟು ಮುಗಿದ ಕೂಡಲೇ ಮಾಡಿಸಿ. ಆಗ ಹೊಸ ಫಾಲಿಕಲ್ ದೊಡ್ಡದಾಗಿರಲ್ಲ, ಗೊಂದಲ ಕಡಿಮೆ.

‘ಸಿಂಪಲ್’ ಬದಲು ‘ಕಾಂಪ್ಲೆಕ್ಸ್’ ಅಥವಾ ‘ಸಾಲಿಡ್’ ಅಂತಿದ್ದರೆ ಮಾತು ಬೇರೆ, ಬೇಗ ತೋರಿಸಿ. ಒಂದೇ ಕಡೆ ತಟ್ಟನೆ ಜೋರು ಹೊಟ್ಟೆನೋವು, ಜೊತೆಗೆ ವಾಂತಿ ಬಂದರೆ ಓವರಿ ತಿರುಚಿಕೊಂಡಿರಬಹುದು. ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಹೋಗಿ.