ಬ್ಲ್ಯಾಕ್ ಕಾಫಿ ನೀರಲ್ಲ

*ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮನೆಯ ಮೀಟರ್‌ನಲ್ಲಿ ಶುಗರ್ 112 ಇತ್ತು. ಸ್ವೀಟನರ್ ಪುಡಿ ಹಾಕಿದ ಬ್ಲ್ಯಾಕ್ ಕಾಫಿ ಕುಡಿದು ಒಂದು ಗಂಟೆ ಬಿಟ್ಟು ನೋಡಿದರೆ 126. ಸಕ್ಕರೆಯೂ ಇಲ್ಲ, ಹಾಲೂ ಇಲ್ಲ. ಸ್ವೀಟನರ್ ಬಿಟ್ಟುಬಿಡಲೇ ಸಂಪಾದಕರೇ? — ಓದುಗರೊಬ್ಬರು*

ಸ್ವೀಟನರ್ ಮೇಲೆ ನಿಮಗೆ ಬಂದ ಅನುಮಾನ ಪೂರ್ತಿ ಸುಳ್ಳಲ್ಲ. 2022ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 120 ಆರೋಗ್ಯವಂತರ ಮೇಲೆ ಅಧ್ಯಯನ ಮಾಡಿದರು. ಎರಡು ವಾರ ಸ್ಯಾಕರಿನ್ ಅಥವಾ ಸುಕ್ರಲೋಸ್ ತೆಗೆದುಕೊಂಡ ಗುಂಪುಗಳಲ್ಲಿ, ಗ್ಲೂಕೋಸ್ ಕುಡಿದ ಮೇಲೆ ಶುಗರ್ ಜಾಸ್ತಿ ಏರಿತು. ಎಲ್ಲರಿಗೂ ಒಂದೇ ಥರ ಏರಲಿಲ್ಲ. ಆದರೆ ಇದು ದಿನಗಟ್ಟಲೆ ತೆಗೆದುಕೊಂಡದ್ದರ ಫಲ. ಒಂದು ಕಪ್‌ನಲ್ಲಿರುವ ಚಿಟಿಕೆ ಸ್ವೀಟನರ್ ಒಂದು ಗಂಟೆಯಲ್ಲಿ 14 ಅಂಕ ಏರಿಸುವುದು ಕಷ್ಟ.

ನೀವು ಕಾಫಿಯನ್ನು ಯಾಕೆ ಸುಮ್ನೆ ಬಿಟ್ಟುಬಿಟ್ಟಿರಿ? ಕೆಫೀನ್ ಅಡ್ರಿನಲಿನ್ ಏರಿಸುತ್ತದೆ. ಆಗ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಎಂದಿನಷ್ಟು ಎಳೆದುಕೊಳ್ಳುವುದಿಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2020ರಲ್ಲಿ 29 ಜನರ ಮೇಲೆ ಇದನ್ನು ನೋಡಿದರು. ನಿದ್ದೆಗೆಟ್ಟ ರಾತ್ರಿಯ ಮರುದಿನ, ಸಿಹಿ ಪಾನೀಯಕ್ಕೆ ಅರ್ಧ ಗಂಟೆ ಮೊದಲು ಗಟ್ಟಿ ಬ್ಲ್ಯಾಕ್ ಕಾಫಿ ಕುಡಿಸಿದಾಗ ಶುಗರ್ ಏರಿಕೆ ಸುಮಾರು ಶೇ 50ರಷ್ಟು ಜಾಸ್ತಿಯಾಯಿತು. ಕಾಫಿಯಲ್ಲಿ ಸಕ್ಕರೆ ಇರಲಿಲ್ಲ, ನೆನಪಿರಲಿ. ವರ್ಷಗಟ್ಟಲೆ ಕಾಫಿ ಕುಡಿಯುವವರಲ್ಲಿ ಟೈಪ್ 2 ಮಧುಮೇಹ ಕಡಿಮೆ ಎನ್ನುವುದೂ ನಿಜ. ಆದರೆ ನೀವು ಕೇಳಿದ್ದು ಇವತ್ತು ಬೆಳಗಿನ ಅಂಕಿಯ ವಿಷಯ, ಅಲ್ವಾ?

ಆ ಅಂಕಿಯನ್ನೂ ಪೂರ್ತಿ ನಂಬಬೇಡಿ. 100ಕ್ಕಿಂತ ಮೇಲಿನ ಅಂಕಿಗಳಲ್ಲಿ ಒಳ್ಳೆಯ ಮೀಟರ್ ಕೂಡ ಶೇ 15ರಷ್ಟು ಆಚೀಚೆ ತೋರಿಸಬಹುದು. ಹಾಗಾಗಿ ನಿಮ್ಮ 112ಕ್ಕೂ 126ಕ್ಕೂ ನಿಜವಾಗಿ ವ್ಯತ್ಯಾಸವೇ ಇಲ್ಲದಿರಬಹುದು. ಇನ್ನೊಂದು ವಿಷಯ: ಎಷ್ಟೋ ಸ್ವೀಟನರ್ ಪುಡಿಗಳಿಗೆ ತೂಕ ಬರಲಿ ಎಂದು ಡೆಕ್ಸ್‌ಟ್ರೋಸ್ ಬೆರೆಸಿರುತ್ತಾರೆ. ಡೆಕ್ಸ್‌ಟ್ರೋಸ್ ಅಂದರೆ ಗ್ಲೂಕೋಸೇ. ಹೊಟ್ಟೆಗೆ ಹೋಗುವುದು ಒಂದು ಗ್ರಾಂನ ಆಸುಪಾಸು, ಅದು ದೊಡ್ಡದಲ್ಲ. ಪ್ಯಾಕೆಟ್ ಹರಿದ ಬೆರಳನ್ನೇ ಚುಚ್ಚಿದರೆ ಮಾತ್ರ ಕೆಟ್ಟಿತು. ಸ್ಟ್ರಿಪ್ ಆ ಪುಡಿಯನ್ನೂ ಅಳೆಯುತ್ತದೆ. ನನಗೆ ಹೀಗೇ ಒಮ್ಮೆ 171 ಬಂದಿತ್ತು. ಕೈ ತೊಳೆದು ಇನ್ನೊಂದು ಬೆರಳು ಚುಚ್ಚಿದರೆ 118.

ನನಗೆ ಸಿಟ್ಟು ಬರುವುದು ಇಲ್ಲೇ. 'ಸಕ್ಕರೆ ಇಲ್ಲ' ಎಂದು ಪ್ಯಾಕೆಟ್ ಮುಂದೆ ದಪ್ಪಕ್ಷರದಲ್ಲಿ ಬರೆದು ಡೆಕ್ಸ್‌ಟ್ರೋಸ್ ಎಂಬುದನ್ನು ಹಿಂದೆ ಇರುವೆ ಅಕ್ಷರದಲ್ಲಿ ಹಾಕುತ್ತಾರೆ. ಲ್ಯಾಬ್‌ನಲ್ಲಿ 'ಏನೂ ತಿಂದಿಲ್ವಾ?' ಎಂದು ಕೇಳುತ್ತಾರೆ, ಕಾಫಿ ಕುಡಿದಿರಾ ಎಂದು ಕೇಳುವುದಿಲ್ಲ. ಖಾಲಿ ಹೊಟ್ಟೆಯ 126 ಮಧುಮೇಹದ ಗಡಿ. ಕಾಫಿ ಕುಡಿದು ಹೋಗಿ ಆ ಗಡಿ ಮುಟ್ಟಿ ಹೆದರಿದವರ ಪತ್ರಗಳು ನಮ್ಮ ಮೇಜಿನ ಮೇಲೆ ಇನ್ನೂ ಇವೆ. ಆ ಪರೀಕ್ಷೆಗೆ ಎಂಟು ಗಂಟೆ ನೀರು ಮಾತ್ರ.

ನೀವು ಹೀಗೆ ಮಾಡಿ. ಮೂರು ದಿನ ಬರೀ ನೀರು, ಮೂರು ದಿನ ಬರೀ ಕಾಫಿ, ಮೂರು ದಿನ ಸ್ವೀಟನರ್ ಹಾಕಿದ ಕಾಫಿ. ಏಳುವ ಹೊತ್ತು ಒಂದೇ ಇರಲಿ, ಕೈ ತೊಳೆದು ಒರೆಸಿರಲಿ. ಕುಡಿಯುವ ಮೊದಲು ಒಮ್ಮೆ, ಗಂಟೆಯ ನಂತರ ಒಮ್ಮೆ ನೋಡಿ. ನೀರಿನ ದಿನಗಳಲ್ಲೂ ಏರಿದರೆ ಅದು ಬೆಳಗಿನ ಹಾರ್ಮೋನುಗಳ ಕೆಲಸ, ಕಪ್‌ನದ್ದಲ್ಲ. ಮಾತ್ರೆ ಬದಲಿಸಬೇಡಿ, ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ನನಗೂ ಒಂದು ಪ್ರತಿ ಕಳಿಸಿ.