ಮಗುವಿನ ಕುತ್ತಿಗೆಯ ಬೆವರುಸಾಲೆ

ಪ್ರಶ್ನೆ: ನಾವು ಉಡುಪಿಯಲ್ಲಿರುವುದು. ನಾಲ್ಕು ತಿಂಗಳ ಮಗುವಿನ ಕುತ್ತಿಗೆ ತುಂಬ ಬೆವರುಸಾಲೆ. ಎಣ್ಣೆ, ಪೌಡರ್ ಹಾಕಿದಷ್ಟೂ ಜಾಸ್ತಿಯಾಗ್ತಿದೆ, ಯಾಕೆ?

ಜಾಸ್ತಿ ಮಾಡುತ್ತಿರುವುದು ಆ ಎಣ್ಣೆ, ಪೌಡರೇ ಇರಬೇಕು. ಬೆವರು ಹೊರಬರುವ ಸಣ್ಣ ನಾಳದ ಬಾಯಿ ಕಟ್ಟಿಕೊಂಡರೆ ಬೆವರು ಚರ್ಮದೊಳಗೇ ಸೋರಿ ಕೆಂಪು ಗುಳ್ಳೆ ಏಳುತ್ತದೆ. ಎಳೆ ಮಕ್ಕಳಲ್ಲಿ ಈ ನಾಳಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆಯಲ್ಲಂತೂ ಬೆವರು ಆರುವುದೇ ಇಲ್ಲ. ಅದರ ಮೇಲೆ ತೆಂಗಿನೆಣ್ಣೆ ತಿಕ್ಕಿ ಪೌಡರ್ ಉದುರಿಸಿದರೆ ಎರಡೂ ಸೇರಿ ಕುತ್ತಿಗೆಯ ಮಡಿಕೆಯಲ್ಲಿ ಬಿಳಿ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಗದ್ದ ಎತ್ತಿ ನೋಡಿ, ಕಾಣುತ್ತದೆ.

ಎರಡನ್ನೂ ನಿಲ್ಲಿಸಿ. ಹಂಡೆಯ ಸುಡುನೀರು ಬೇಡ (ಅಜ್ಜಿಯಂದಿರು ಒಪ್ಪಲಿಕ್ಕಿಲ್ಲ!), ಉಗುರುಬೆಚ್ಚಗಿನ ನೀರು ಸಾಕು. ಮಡಿಕೆ ಬಿಡಿಸಿ, ಉಜ್ಜದೆ, ಹತ್ತಿ ಬಟ್ಟೆ ಒತ್ತಿ ಒರೆಸಿ. ತೆಳು ಹತ್ತಿಯಂಗಿ ಹಾಕಿ, ಫ್ಯಾನ್ ಗಾಳಿಯಲ್ಲಿ ಮಲಗಿಸಿ; ಟೊಪ್ಪಿ, ಸಾಕ್ಸ್ ಬೇಡ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ದೊಡ್ಡವರಿಗೆ ಬೆನ್ನು, ಸೊಂಟಪಟ್ಟಿಯ ಜಾಗದಲ್ಲಿ ಬಂದರೂ ಮದ್ದು ಇದೇ. ತುರಿಕೆಗೆ ಕ್ಯಾಲಮೈನ್ ಹಚ್ಚಬಹುದು. ಗುಳ್ಳೆಯಲ್ಲಿ ಕೀವು ತುಂಬಿದರೆ, ಮಡಿಕೆ ಒದ್ದೆಯಾಗಿ ವಾಸನೆ ಬಂದರೆ, ಮಗುವಿಗೆ ಜ್ವರ ಬಂದರೆ ಅದು ಬರೀ ಬೆವರುಸಾಲೆಯಲ್ಲ, ಅಂದೇ ಮಕ್ಕಳ ಡಾಕ್ಟರಿಗೆ ತೋರಿಸಿ.